ಮೊಹರಂ ದಿನ ಒಯ್ದ ಪೇಢೆ: ಒಂದು ಆಪ್ತಸಲಹೆ ಪ್ರಕರಣ

ವಿಜಯಪುರದಲ್ಲಿ ನನ್ನ ಬಳಿ ಸಲಹೆಗೆ ಬಂದ ಮಹಿಳೆಯೊಬ್ಬರ ಪ್ರಕರಣವಿದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.

ಅವರು ಬಾಗಲಕೋಟೆ ಜಿಲ್ಲೆಯ ಹಳ್ಳಿಯೊಂದರಲ್ಲಿ ಬೆಳೆದವರು. ಆ ಊರಿನಲ್ಲಿ ಮೊಹರಂ ಎಂದರೆ ಎಲ್ಲ ಜಾತಿಯವರೂ ಸೇರಿ ಮಾಡುವ ಹಬ್ಬ. ಮಸೂತಿಯಲ್ಲಿ ಅಂಗೈ ಆಕಾರದ ಲೋಹದ ಪಂಜಾ ಕೂಡಿಸುತ್ತಾರೆ, ಎದುರಿಗೆ ಬೆಂಕಿ ಹಾಕುವ ಅಲಾಯಿ ಕುಣಿ ತೋಡುತ್ತಾರೆ, ಹರಕೆ ಹೊತ್ತವರು ಫಕೀರರಾಗುತ್ತಾರೆ, ಹುಡುಗರು ಹುಲಿವೇಷ ಹಾಕುತ್ತಾರೆ. ಇವರ ತಾಯಿಯೇ ಪ್ರತಿ ವರ್ಷ ಚೊಂಗೆ ಎಂಬ ಸಿಹಿ ತಿನಿಸು ಮಾಡಿ ಸಕ್ಕರೆಯೊಂದಿಗೆ ಪ್ರಾರ್ಥನೆ ಓದಿಸಿಕೊಂಡು ಬರುತ್ತಿದ್ದರು. ಆದ್ದರಿಂದ ಮೊಹರಂ ತಮಗೆ ಚೆನ್ನಾಗಿ ಗೊತ್ತಿರುವ ಹಬ್ಬವೆಂದೇ ಅವರು ನಂಬಿದ್ದರು.

ಮೊಹರಂ ತಿಂಗಳ ಹತ್ತನೆಯ ದಿನ ಮಧ್ಯಾಹ್ನ ಅವರು ಕಚೇರಿಯ ಮುಸ್ಲಿಂ ಗೆಳತಿಯ ಮನೆಗೆ ಒಂದು ಡಬ್ಬಿ ಪೇಢೆ ಹಿಡಿದು ಹೋಗಿ, ಬಾಗಿಲಲ್ಲೇ "ಹಬ್ಬದ ಶುಭಾಶಯ! ಸಂಜೀಕ ಹುಲಿವೇಷ ನೋಡಾಕ ಹೋಗೂಣು ನಡಿ" ಎಂದರು. ಗೆಳತಿ ಡಬ್ಬಿಯನ್ನು ತೆಗೆದುಕೊಂಡು ತೆರೆಯದೆ ಕಪಾಟಿನ ಮೇಲಿಟ್ಟರು. ಅತ್ತೆ ಒಳಗೆ ಎದ್ದುಹೋದರು. "ಇವತ್ತ ನಾವು ಶುಭಾಶಯ ಹೇಳೂದಿಲ್ಲವಾ" ಎಂದಷ್ಟೇ ಗೆಳತಿ ಹೇಳಿದರು.

ಅಂದು ರಾತ್ರಿ ಇವರು ಮೊಬೈಲಿನಲ್ಲಿ ಹುಡುಕಿ ಓದಿದರು. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಹುತಾತ್ಮರಾದ ದಿನವಿದು, ಶಿಯಾ ಸಮುದಾಯದವರು ಶೋಕಾಚರಣೆ ಮಾಡುತ್ತಾರೆ ಎಂದು ತಿಳಿದೊಡನೆ "ನಿಮ್ಮ ದುಃಖದಾಗ ನಾನೂ ಭಾಗಿ" ಎಂದು ಸಂದೇಶ ಕಳಿಸಿದರು. ಅದಕ್ಕೂ ಉತ್ತರ ಬರಲಿಲ್ಲ. ಆ ಮನೆಯವರು ಸುನ್ನಿಗಳು. ಒಂಬತ್ತು ಮತ್ತು ಹತ್ತನೆಯ ದಿನ ಉಪವಾಸವಿದ್ದು ಪ್ರಾರ್ಥನೆ ಮಾಡುವುದು ಅವರ ರೂಢಿ; ಶೋಕದ ಮೆರವಣಿಗೆಯೂ ಇಲ್ಲ, ಪಂಜಾವೂ ಇಲ್ಲ. ಮುಂದಿನ ತಿಂಗಳುಗಳಲ್ಲಿ ಇವರು ಗೆಳತಿಗೆ ಹತ್ತಾರು ಸಲ ಕ್ಷಮೆ ಕೇಳಿದರು. ಮತ್ತೆ ತಪ್ಪಾದೀತೆಂಬ ಭಯದಿಂದ ರಮಜಾನ್ ಈದ್‌ಗೂ ಮಾತಾಡಿಸದೆ ಉಳಿದರು. ಗೆಳತಿಗೆ ನಿಜವಾಗಿ ನೋವಾದದ್ದು ಈ ಮೌನದಿಂದ.

ಅವರ ಪ್ರಶ್ನೆ ಒಂದೇ ಆಗಿತ್ತು: "ಹಂಗಾರ ಸರಿಯಾದ ಶುಭಾಶಯ ಯಾವುದ್ರಿ?" ಸರಿಯಾದ ವಾಕ್ಯವೊಂದನ್ನು ಕೊಟ್ಟು ಕಳಿಸುವುದು ನನಗೆ ಸುಲಭವಿತ್ತು, ಆದರೆ ಅದು ಮೂರನೆಯ ಊಹೆಯಾಗುತ್ತಿತ್ತು. ಮೊದಲ ಸಲ ಅವರು ತಮ್ಮ ಊರಿನ ಹಬ್ಬವನ್ನು ಗೆಳತಿಯ ಮನೆಗೆ ಒಯ್ದಿದ್ದರು. ಎರಡನೆಯ ಸಲ ಓದಿದ ಮಾಹಿತಿಯನ್ನು ಒಯ್ದಿದ್ದರು. ಎರಡು ಸಲವೂ ಅವರ ಪ್ರೀತಿ ನಿಜವೇ ಆಗಿತ್ತು, ಆದರೆ ಗೆಳತಿಯನ್ನು ಕೇಳುವುದೊಂದು ಉಳಿದುಹೋಗಿತ್ತು.

ಕೇಳುವುದನ್ನೇ ನಾವು ಅಭ್ಯಾಸ ಮಾಡಿದೆವು. ಅವರು ಮೊದಲು ಆರಿಸಿದ ಪ್ರಶ್ನೆ "ನೀವು ಶಿಯಾನೋ ಸುನ್ನಿನೋ?" ಎಂಬುದಾಗಿತ್ತು. ಇದು ಗೆಳತಿಯನ್ನು ಒಂದು ಗುಂಪಿಗೆ ಸೇರಿಸಿ ಮುಗಿಸುವ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕರೂ ಆ ಮನೆಯ ದಿನ ಹೇಗಿರುತ್ತದೆಂದು ತಿಳಿಯುವುದಿಲ್ಲ. "ನಿಮ್ಮವರು ಯಾಕ ಹಿಂಗ ಮಾಡ್ತಾರ?" ಎಂಬ ಎರಡನೆಯ ಪ್ರಶ್ನೆಯಲ್ಲಿ ಇಡೀ ಸಮುದಾಯದ ಪರವಾಗಿ ಸಮಜಾಯಿಷಿ ಕೊಡುವ ಹೊರೆ ಗೆಳತಿಯ ಮೇಲೆ ಬೀಳುತ್ತಿತ್ತು. ಕೊನೆಗೆ ನಿಂತ ಮಾತು ಇದು: "ನಮ್ಮೂರಾಗ ಮೊಹರಂಗ ಅವ್ವ ಚೊಂಗೆ ಮಾಡ್ತಿದ್ಲು, ಅದನ್ನ ನೋಡಿ ಎಲ್ಲಾ ಕಡೆ ಹಂಗ ಅಂತ ತಿಳಕೊಂಡಿದ್ದೆ. ನಿಮ್ಮ ಮನ್ಯಾಗ ಆ ದಿನ ಹ್ಯಾಂಗಿರ್ತದ? ನಾ ಬರೂದು ಛಲೋನೋ, ಬ್ಯಾಡೋ?" ಇದರಲ್ಲಿ ತಮ್ಮ ರೂಢಿಯನ್ನು ತಮ್ಮದೆಂದೇ ಹೇಳುವುದಿದೆ, ಸಮುದಾಯವನ್ನು ಬಿಟ್ಟು ಮನೆಯ ಬಗ್ಗೆ ಕೇಳುವುದಿದೆ, ಬೇಡವೆನ್ನಲು ದಾರಿಯೂ ಇದೆ.

ಹೊತ್ತಿನ ಬಗ್ಗೆಯೂ ಹೇಳಿದೆ. ಹಿಜರಿ ವರ್ಷ ನಮ್ಮ ಕ್ಯಾಲೆಂಡರಿಗಿಂತ ಸುಮಾರು 11 ದಿನ ಚಿಕ್ಕದು, ತಿಂಗಳು ಚಂದ್ರದರ್ಶನದಿಂದ ಶುರುವಾಗುತ್ತದೆ. ಆದ್ದರಿಂದ ವಾರ ಮೊದಲೇ, ಇಬ್ಬರೇ ಇರುವಾಗ, ದಿನ ಯಾವುದೆಂದೇ ಮಾತು ತೆಗೆಯಬಹುದು. ಅತ್ತೆಯ ಎದುರು ಕೇಳಬಾರದು, ಪಂಜಾ ಕೂಡಿಸುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ಗೆಳತಿಯನ್ನು ಎಳೆಯಬಾರದು. ಉತ್ತರ ಚುಟುಕಾಗಿದ್ದರೆ ಅಲ್ಲಿಗೇ ಬಿಡಬೇಕು. ಕ್ಷಮೆಯನ್ನು ಒಂದೇ ಸಲ, ಒಂದೇ ವಾಕ್ಯದಲ್ಲಿ ಕೇಳಬೇಕು. ಮತ್ತೆ ಮತ್ತೆ ಕೇಳಿದರೆ ನೊಂದವರೇ ನಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ.

ಮೂರು ವಾರದ ನಂತರ ಅವರು ಮತ್ತೆ ಬಂದರು. ಊಟದ ಬಿಡುವಿನಲ್ಲಿ ಕೇಳಿದ್ದರಂತೆ. ಗೆಳತಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಅಜ್ಜಿಯೂ ಹಳ್ಳಿಯಲ್ಲಿ ಪಂಜಾಕ್ಕೆ ಚೊಂಗೆ ಒಯ್ಯುತ್ತಿದ್ದಳೆಂದೂ, ಗಂಡನ ಮನೆಯಲ್ಲಿ ಅದನ್ನು ಒಪ್ಪುವುದಿಲ್ಲವೆಂದೂ, ಅಂದು ಪೇಢೆಯ ಡಬ್ಬಿ ನೋಡಿ ತನಗೆ ಅಜ್ಜಿಯ ನೆನಪಾಗಿ ಮಾತು ಹೊರಡಲಿಲ್ಲವೆಂದೂ ಹೇಳಿದರಂತೆ. ಆಮೇಲೆ "ಉಪವಾಸ ಬಿಡೂ ಹೊತ್ತಿಗೆ ಬಾ, ಶರಬತ್ ಕುಡಿಯೂಣು" ಎಂದು ಕರೆದು, "ಪಂಚಮಿಗೆ ನೀ ತವರಿಗೆ ಹೋಗತಿ ಅಂತ ತಿಳಿದು ನಾನೂ ಎಂದೂ ಕೇಳಿಲ್ಲ ನೋಡು, ಹೋಗತಿಯೇನ?" ಎಂದರಂತೆ. ತಾಯಿ ತೀರಿಕೊಂಡ ಮೇಲೆ ತವರಿಗೆ ಹೋಗುವುದನ್ನು ಬಿಟ್ಟು ನಾಲ್ಕು ವರ್ಷವಾಯಿತೆಂದು ಇವರು ಮೊದಲ ಸಲ ಆ ಗೆಳತಿಗೆ ಹೇಳಿದ್ದು ಆಗಲೇ.