ಬಿಲ್ಲಿನಲ್ಲಿ ಅಚ್ಚಾಗಿದ್ದ ಹೆಸರು: ಒಂದು ಆಪ್ತಸಲಹೆ ಪ್ರಕರಣ

(ಸಂಬಂಧಪಟ್ಟವರ ಗುರುತು ಸಿಗದಂತೆ ಉದ್ಯಮದ ಸ್ವರೂಪವನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.)

ಉಪಕರಣಗಳನ್ನು ದುರಸ್ತಿ ಮಾಡಿಕೊಡುವ ಸಣ್ಣ ಮಳಿಗೆಯೊಂದರ ಮಾಲೀಕರು ನನ್ನ ಬಳಿ ಬಂದಾಗ, ತಮ್ಮ ಮಳಿಗೆಯ ಬಗ್ಗೆ ಅಂತರ್ಜಾಲದಲ್ಲಿ ಬಂದಿದ್ದ ಒಂದು ನಕ್ಷತ್ರದ ವಿಮರ್ಶೆಗೆ ಎರಡು ಬಗೆಯ ಉತ್ತರಗಳನ್ನು ಬರೆದುಕೊಂಡು ಬಂದಿದ್ದರು. ದುರಸ್ತಿ ಏಕೆ ತಡವಾಯಿತೆಂದು ಕೇಳಿದ್ದಕ್ಕೆ ಕೌಂಟರಿನಲ್ಲಿದ್ದವರು "ಅಷ್ಟು ಅವಸರವಿದ್ದರೆ ಬೇರೆ ಕಡೆ ಕೊಡಿ" ಎಂದರು ಎಂಬುದು ವಿಮರ್ಶೆಯ ದೂರು. ಅದರಲ್ಲಿ ಒಬ್ಬ ಉದ್ಯೋಗಿಯ ಪೂರ್ಣ ಹೆಸರಿತ್ತು. ಅದನ್ನು ಆ ಉದ್ಯೋಗಿಗೆ ಮೊದಲು ತೋರಿಸಿದವರು ಅವರ ಸಂಬಂಧಿಕರೇ. ಮರುದಿನದಿಂದ ಅವರು ಕೆಲಸಕ್ಕೆ ಬರಲು ಹಿಂಜರಿಯುತ್ತಿದ್ದರು.

ಮಾಲೀಕರ ಮೊದಲ ಉತ್ತರದಲ್ಲಿ "ಆಕೆಯ ಮೇಲೆ ಕ್ರಮ ಕೈಗೊಂಡಿದ್ದೇವೆ" ಎಂದಿತ್ತು. ಎರಡನೆಯದರಲ್ಲಿ "ಆಕೆ ನಮ್ಮ ಅತ್ಯುತ್ತಮ ಉದ್ಯೋಗಿ, ತಾವು ಸುಳ್ಳು ಹೇಳುತ್ತಿದ್ದೀರಿ" ಎಂದಿತ್ತು. ಯಾವುದು ಸರಿ ಎಂದು ಅವರು ಕೇಳಿದರು. ಎರಡೂ ಬೇಡವೆಂದೆ, ಏಕೆಂದರೆ ನಡೆದದ್ದೇನೆಂದು ತಿಳಿಯುವ ಮೊದಲೇ ಎರಡೂ ತೀರ್ಪು ಕೊಡುತ್ತಿದ್ದವು. ಅದಲ್ಲದೆ, ಹೆಸರಿಸಲಾದ ವ್ಯಕ್ತಿ ನಮ್ಮವರೇ, ಅಂದು ಅಲ್ಲಿದ್ದವರೂ ಅವರೇ ಎಂಬುದನ್ನು ಮಾಲೀಕರ ಬಾಯಿಂದಲೇ ಸಾರ್ವಜನಿಕವಾಗಿ ಒಪ್ಪಿಕೊಂಡಂತಾಗುತ್ತಿತ್ತು.

ಆ ದಿನ ಏನನ್ನೂ ಬರೆಯದೆ ದಾಖಲೆಗಳನ್ನು ನೋಡಬೇಕೆಂದು ತಿಳಿಸಿದೆ. ಕ್ಯಾಮೆರಾದ ದೃಶ್ಯಗಳು ಸಾಮಾನ್ಯವಾಗಿ ಕೆಲವು ದಿನಗಳ ಬಳಿಕ ತಾವಾಗಿಯೇ ಅಳಿಸಿಹೋಗುವುದರಿಂದ, ಅವನ್ನು ಮೊದಲು ಉಳಿಸಿಕೊಳ್ಳಬೇಕಿತ್ತು. ನಂತರ ಉಪಕರಣವನ್ನು ಪಡೆದುಕೊಂಡಾಗಿನ ರಸೀದಿ, ಬಿಲ್ಲಿನ ಸಮಯ ಮತ್ತು ಹಾಜರಿ ಪುಸ್ತಕವನ್ನು ಒಂದಕ್ಕೊಂದು ಹೋಲಿಸಬೇಕಿತ್ತು. ಉದ್ಯೋಗಿಯೊಡನೆ ಮಾತನಾಡುವಾಗ ಬೇರೆ ಯಾರೂ ಇರಬಾರದು; "ನೀವು ಹೀಗೆ ಅಂದಿರಾ?" ಎಂದು ಆರಂಭಿಸದೆ, "ಆ ಮಧ್ಯಾಹ್ನ ಕೌಂಟರಿನಲ್ಲಿ ಏನೇನಾಯಿತು ಹೇಳಿ" ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು ಎಂದೂ ಹೇಳಿದೆ.

ಹೀಗೆ ನೋಡಿದಾಗ ವಿಷಯ ಬೇರೆಯೇ ಆಗಿತ್ತು. ಬಿಲ್ಲಿನ ಸಮಯ ಮಧ್ಯಾಹ್ನ 2:05. ಹಾಜರಿ ಪುಸ್ತಕದ ಪ್ರಕಾರ ಆ ಉದ್ಯೋಗಿ 1:30ರಿಂದ 2:15ರವರೆಗೆ ವಿರಾಮದಲ್ಲಿದ್ದರು, ಮತ್ತು ಕ್ಯಾಮೆರಾದ ದೃಶ್ಯದಲ್ಲಿ ಕೌಂಟರಿನಲ್ಲಿ ಕಂಡದ್ದು ಹೊಸದಾಗಿ ಸೇರಿದ್ದ ಇನ್ನೊಬ್ಬರು. ಬೆಳಗ್ಗೆ ಕಂಪ್ಯೂಟರಿನಲ್ಲಿ ಲಾಗಿನ್ ಆದವರ ಹೆಸರನ್ನೇ ಬಿಲ್ಲಿಂಗ್ ತಂತ್ರಾಂಶವು ದಿನವಿಡೀ ಪ್ರತಿಯೊಂದು ಬಿಲ್ಲಿನ ಕೆಳಗೆ ಅಚ್ಚುಹಾಕುತ್ತಿತ್ತು. ಗ್ರಾಹಕರು ತಮ್ಮೆದುರು ನಿಂತವರ ಹೆಸರನ್ನು ಕೇಳಿರಲಿಲ್ಲ, ಮನೆಗೆ ಹೋಗಿ ಬಿಲ್ಲಿನಲ್ಲಿ ಓದಿಕೊಂಡಿದ್ದರು. ಒಬ್ಬರ ಲಾಗಿನ್ನನ್ನು ಹಲವರು ಬಳಸುವುದು, ಮರೆತುಬಂದ ಹೆಸರಿನ ಬ್ಯಾಡ್ಜಿನ ಬದಲು ಬೇರೊಬ್ಬರದನ್ನು ಹಾಕಿಕೊಳ್ಳುವುದು, ಒಂದೇ ಹೆಸರಿನ ಇಬ್ಬರಿರುವುದು, ಇವೆಲ್ಲ ಇರುವಾಗ ವಿಮರ್ಶೆಯಲ್ಲಿ ಕಾಣುವ ಹೆಸರನ್ನು ಮಾಲೀಕರು ಪರಿಶೀಲಿಸಬೇಕಾದ ಒಂದು ಹೇಳಿಕೆಯೆಂದು ಮಾತ್ರ ಎಣಿಸಬೇಕು.

ಉತ್ತರವನ್ನು ಇಬ್ಬರೂ ಕೂತು ಹೀಗೆ ಬರೆದೆವು: "ನಮ್ಮಲ್ಲಿ ನಿಮಗೆ ಹೀಗಾದದ್ದಕ್ಕೆ ವಿಷಾದಿಸುತ್ತೇವೆ. ದುರಸ್ತಿ ತಡವಾದ ಕಾರಣವನ್ನು ಕೇಳಿದಾಗ ನಿಮಗೆ ಸರಿಯಾದ ಉತ್ತರ ಸಿಗಬೇಕಿತ್ತು. ಬಿಲ್ ಸಂಖ್ಯೆಯೊಂದಿಗೆ ಮಳಿಗೆಗೆ ಕರೆ ಮಾಡಿ, ನಾನೇ ಮಾತನಾಡುತ್ತೇನೆ. – ಮಾಲೀಕರು." ಇದರಲ್ಲಿ ಉದ್ಯೋಗಿಯ ಹೆಸರು ಮರುಕಳಿಸುವುದಿಲ್ಲ, ಶಿಸ್ತುಕ್ರಮದ ಮಾತಿಲ್ಲ, ಗ್ರಾಹಕರು ಏನನ್ನು ದುರಸ್ತಿಗೆ ಕೊಟ್ಟಿದ್ದರೆಂಬ ವಿವರವೂ ಇಲ್ಲ. "ಅದು ಅವರಲ್ಲ, ಹೊಸಬರು" ಎಂದು ಸೇರಿಸಬೇಕೆಂಬ ಆಸೆ ಮಾಲೀಕರಿಗಿತ್ತು. ಹಾಗೆ ಬರೆದರೆ ಅದೇ ಭಾರವನ್ನು ಇನ್ನೊಬ್ಬರ ತಲೆಗೆ ಹೊರಿಸಿದಂತಾಗುತ್ತದೆ ಎಂದು ತಡೆದೆ. ಆ ಹೊಸಬರೊಡನೆ ಮಾತನಾಡುವುದೂ, ಅವರಿಗೆ ತರಬೇತಿ ಕೊಡುವುದೂ ಮಳಿಗೆಯ ಒಳಗೇ ಆಗಬೇಕಾದ ಕೆಲಸ.

ವಿಮರ್ಶೆಯನ್ನೇ ತೆಗೆಸಬಹುದೇ ಎಂಬ ಪ್ರಶ್ನೆಯೂ ಬಂತು. ವೈಯಕ್ತಿಕ ದೂರವಾಣಿ ಸಂಖ್ಯೆ, ಮನೆಯ ವಿಳಾಸ, ಬೆದರಿಕೆ ಅಥವಾ ಒಬ್ಬ ವ್ಯಕ್ತಿಯ ಮೇಲೆ ನಿಂದನೆ ಇದ್ದರೆ ವಿಮರ್ಶೆ ಪ್ರಕಟವಾದ ವೇದಿಕೆಗೆ ವರದಿ ಮಾಡಲು ಗಟ್ಟಿಯಾದ ಆಧಾರವಿರುತ್ತದೆ. ಆದರೆ "ಇದು ನಡೆದೇ ಇಲ್ಲ" ಎಂಬ ವಾದದಲ್ಲಿ ಯಾರದು ಸತ್ಯವೆಂದು ವೇದಿಕೆಗಳು ಸಾಮಾನ್ಯವಾಗಿ ತೀರ್ಮಾನಿಸಲು ಹೋಗುವುದಿಲ್ಲ. ಇಲ್ಲಿಯಂತೂ ದೂರು ನಿಜವಾಗಿತ್ತು, ಹೆಸರು ಮಾತ್ರ ತಪ್ಪಾಗಿತ್ತು. ಹಣ ಮರಳಿಸುವುದಕ್ಕೆ ವಿಮರ್ಶೆ ಅಳಿಸುವ ಷರತ್ತು ಹಾಕುವುದನ್ನೂ, ಸಿಬ್ಬಂದಿಯಿಂದ ಹೊಗಳಿಕೆಯ ವಿಮರ್ಶೆ ಬರೆಸುವುದನ್ನೂ ಬೇಡವೆಂದು ಸ್ಪಷ್ಟವಾಗಿ ಹೇಳಿದೆ.

ಗ್ರಾಹಕರು ಕರೆ ಮಾಡಿದರು. ಬಿಲ್ಲಿನ ಹೆಸರು ಲಾಗಿನ್ನಿನದು, ಅಂದು ಕೌಂಟರಿನಲ್ಲಿದ್ದವರು ಬೇರೆ ಎಂದಷ್ಟನ್ನೇ ಮಾಲೀಕರು ತಿಳಿಸಿದರು, ಯಾರೆಂದು ಹೇಳಲಿಲ್ಲ. ಆಮೇಲೆ ಗ್ರಾಹಕರು ತಾವಾಗಿ ಒಪ್ಪಿ ನನ್ನೊಡನೆಯೂ ಮಾತನಾಡಿದರು. ಅವರಲ್ಲಿ ದ್ವೇಷವಿರಲಿಲ್ಲ. ಹೆಸರಿಲ್ಲದಿದ್ದರೆ ದೂರನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲವೆಂದು ಅವರು ನಂಬಿದ್ದರು. ಈಗ ತಿದ್ದಿದರೆ ಒತ್ತಡಕ್ಕೆ ಮಣಿದಂತೆ ಕಾಣುತ್ತದೆ ಎಂಬ ಅಳುಕೂ ಇತ್ತು.

ಮಾಲೀಕರಿಗೆ ವಿಷಯ ಪತ್ತೆಯಾಗಲು ಬೇಕಾದದ್ದು ದಿನಾಂಕ, ಸಮಯ, ನಿಂತಿದ್ದ ಜಾಗ ಮತ್ತು ಕೇಳಿಸಿಕೊಂಡ ಮಾತು ಎಂದು ಅವರಿಗೆ ವಿವರಿಸಿದೆ. ಹೆಸರು ಗೊತ್ತಿದ್ದರೆ ಅದನ್ನು ಮಾಲೀಕರಿಗೆ ಖಾಸಗಿಯಾಗಿ ತಿಳಿಸಬಹುದು. ನಕ್ಷತ್ರವನ್ನು ಬದಲಿಸಬೇಕಾಗಿಲ್ಲ, ದೂರನ್ನು ಮೃದುಗೊಳಿಸಬೇಕಾಗಿಯೂ ಇಲ್ಲ. ಅವರು ತಿದ್ದಿದ ವಿಮರ್ಶೆ ಹೀಗಿತ್ತು: "ಮಧ್ಯಾಹ್ನ ಎರಡರ ಸುಮಾರಿಗೆ ಕೌಂಟರಿನಲ್ಲಿ ತಡವಾದ ಕಾರಣ ಕೇಳಿದೆ. 'ಅಷ್ಟು ಅವಸರವಿದ್ದರೆ ಬೇರೆ ಕಡೆ ಕೊಡಿ' ಎಂಬ ಉತ್ತರ ಬಂತು. ಮೊದಲು ಇಲ್ಲಿ ಬಿಲ್ಲಿನಲ್ಲಿದ್ದ ಹೆಸರನ್ನು ಬರೆದಿದ್ದೆ. ನನ್ನೊಡನೆ ಮಾತನಾಡಿದವರು ಅವರಲ್ಲ, ಆದ್ದರಿಂದ ತೆಗೆದಿದ್ದೇನೆ." ಕೊನೆಯ ಎರಡು ವಾಕ್ಯಗಳನ್ನು ಸೇರಿಸಲು ನಾನೇ ಕೇಳಿಕೊಂಡೆ. ಹಳೆಯ ವಿಮರ್ಶೆಯ ಚಿತ್ರ ಆಗಲೇ ಕೆಲವರ ಫೋನಿನಲ್ಲಿತ್ತು. ಸದ್ದಿಲ್ಲದೆ ಹೆಸರನ್ನು ಅಳಿಸಿದ್ದರೆ, ಆ ಚಿತ್ರ ನೋಡಿದವರಿಗೆ ತಪ್ಪು ತಿಳಿಯುತ್ತಲೇ ಇರಲಿಲ್ಲ.

ಈ ಸಲಹೆಗೆ ಮಿತಿಗಳಿವೆ. ವೈದ್ಯರು, ವಕೀಲರು ಮೊದಲಾದವರು ತಮ್ಮ ಹೆಸರಿನಲ್ಲೇ ವೃತ್ತಿ ನಡೆಸುವಾಗ ಹೆಸರಿಲ್ಲದ ವಿಮರ್ಶೆಗೆ ಅರ್ಥವಿರುವುದಿಲ್ಲ. ಇಬ್ಬರೇ ಕೆಲಸ ಮಾಡುವ ಕಡೆ "ಕೌಂಟರಿನಲ್ಲಿದ್ದವರು" ಎಂದರೂ ಯಾರೆಂದು ಗೊತ್ತಾಗುತ್ತದೆ. ಅಲ್ಲಿ ಸ್ವಭಾವದ ಬಗ್ಗೆ ಬರೆಯದೆ ನಡೆದ ಮಾತನ್ನಷ್ಟೇ ಬರೆಯುವುದು ಇನ್ನೂ ಮುಖ್ಯ. ಕಿರುಕುಳ, ಹಲ್ಲೆ, ವಂಚನೆಯಂಥ ಸಂಗತಿಗಳಲ್ಲಿ ಮೊದಲು ಲಿಖಿತ ದೂರನ್ನು ಮಾಲೀಕರಿಗೋ ಕ್ರಮ ಕೈಗೊಳ್ಳುವ ಅಧಿಕಾರವಿರುವವರಿಗೋ ಕೊಟ್ಟು, ಕೊಟ್ಟದ್ದಕ್ಕೆ ದಾಖಲೆ ಇಟ್ಟುಕೊಳ್ಳಬೇಕು. ಆಗ ಹೆಸರು ತನಿಖೆ ನಡೆಸುವವರ ಕೈ ಸೇರುತ್ತದೆ.

ವಿಮರ್ಶೆಯ ಕೆಳಗೆ ತಾವೇ ಉತ್ತರಿಸಲೇ ಎಂದು ಉದ್ಯೋಗಿ ಕೇಳಿದ್ದರು. ಹೆಸರನ್ನು ಗಮನಿಸದೇ ಹೋದವರೂ ಅದರಿಂದ ಗಮನಿಸುವಂತಾಗುತ್ತದೆ, ನಿಮ್ಮ ಪರವಾಗಿ ನಿಲ್ಲುವುದು ಮಾಲೀಕರ ಹೊಣೆ ಎಂದು ತಿಳಿಸಿದೆ. ದೂರು ಅವರಿಗೆ ಸಂಬಂಧಿಸಿದ್ದಲ್ಲವೆಂದು ಮಾಲೀಕರು ಲಿಖಿತವಾಗಿ ಕೊಟ್ಟರು, ಮತ್ತು ಅವರ ಅನುಮತಿ ಪಡೆದು ಸಹೋದ್ಯೋಗಿಗಳಿಗೂ ತಿಳಿಸಿದರು. ಅವರು ಕೆಲಸಕ್ಕೆ ಮರಳಿದರು. ಈಗ ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಇದೆ, ಬಿಲ್ಲಿನಲ್ಲಿ ಹೆಸರಿನ ಬದಲು ಸಂಕೇತ ಸಂಖ್ಯೆ ಬರುತ್ತದೆ. ವಿಮರ್ಶೆ ಬದಲಾದರೂ ಹಳೆಯ ಉತ್ತರ ಹಾಗೇ ಕೆಳಗೆ ಉಳಿದಿದ್ದರಿಂದ, ಮಾಲೀಕರು ಅದನ್ನೂ ತಿದ್ದಿ, ತಡವಾದ ಕಾರಣವನ್ನೂ ಗ್ರಾಹಕರಿಗೆ ಮೊದಲೇ ಮಾಹಿತಿ ನೀಡಲು ಮಾಡಿಕೊಂಡಿರುವ ವ್ಯವಸ್ಥೆಯನ್ನೂ ಅದರಲ್ಲಿ ಬರೆದರು.