ದರ್ಗಾದ ಖವ್ವಾಲಿ: ಹಲಾಲೋ, ಹರಾಮೋ?

ಪ್ರಶ್ನೆ: ಕಲಬುರಗಿಯ ಬಂದೇನವಾಜ್ ದರ್ಗಾದ ಉರುಸಿಗೆ ಹೋಗಿದ್ದೆ. ಖವ್ವಾಲಿ ಕೇಳಿ ಖುಷಿಯಾಯ್ತು. ಜೊತೆಗಿದ್ದ ಗೆಳೆಯ ಮಾತ್ರ, "ಇಸ್ಲಾಂನಲ್ಲಿ ಸಂಗೀತ ನಿಷಿದ್ಧ" ಅಂದ. ಹಾಗಾದರೆ ಸೂಫಿಗಳು ಧರ್ಮದ ಕಾನೂನನ್ನೇ ಮೀರಿದರಾ ಸರ್?

ಉತ್ತರ: ಮೀರಿದೆವು ಅಂತ ಸೂಫಿಗಳು ಒಪ್ಪಿಕೊಂಡಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಕಾನೂನು ನಮ್ಮ ಕಡೆಗೂ ಇದೆ ಅಂತ ಅವರು ಹಟ ಹಿಡಿದರು, ಅದಕ್ಕೇ ಇದು ಶತಮಾನಗಟ್ಟಲೆ ನಡೆಯಿತು.

ಭಕ್ತಿಯ ಕೂಟದಲ್ಲಿ ಹಾಡು, ಕವಿತೆ ಕೇಳುವುದಕ್ಕೆ 'ಸಮಾ' ಅನ್ನುತ್ತಾರೆ. ನೀವು ಕೇಳಿದ ಖವ್ವಾಲಿಯೂ ಅದರದೇ ಒಂದು ರೂಪ. ಬೇಡ ಅನ್ನುವ ಉಲೇಮಾಗಳು, ಅಂದರೆ ಧರ್ಮಪಂಡಿತರು, ಕುರ್‌ಆನಿನ 31ನೇ ಅಧ್ಯಾಯದ 6ನೇ ವಚನ ತೋರಿಸುತ್ತಿದ್ದರು. ಜನರನ್ನು ದಾರಿ ತಪ್ಪಿಸುವ ಪೊಳ್ಳು ಮಾತನ್ನು ಅದು ಖಂಡಿಸುತ್ತದೆ. ಪೊಳ್ಳು ಮಾತು ಅಂದರೆ ಹಾಡೇ ಅಂತ ಪ್ರವಾದಿಯವರ ಸಂಗಾತಿ ಇಬ್ನ್ ಮಸೂದ್ ಹೇಳಿದ್ದರು ಎಂಬುದು ಅವರ ವಾದ. ಸೂಫಿಗಳ ಕೈಯಲ್ಲಿ ಒಂದು ಹದೀಸ್, ಅಂದರೆ ಪ್ರವಾದಿಯವರ ನಡೆನುಡಿಯ ವರದಿ, ಇತ್ತು. ಈದ್ ದಿನ ಪ್ರವಾದಿಯವರ ಪತ್ನಿ ಆಯಿಷಾ ಅವರ ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದರು. ಆಯಿಷಾರ ತಂದೆ ಅಬೂಬಕರ್ ಗದರಿದಾಗ ಪ್ರವಾದಿಯವರೇ, ಬಿಡಿ, ಇವತ್ತು ಹಬ್ಬ ಅಂದರು.

ಈ ವಾದ ದೆಹಲಿಯಲ್ಲಿ ಸುಲ್ತಾನನ ಮುಂದೆಯೇ ನಡೆಯಿತು. ಘಿಯಾಸುದ್ದೀನ್ ತುಘಲಕ್‌ನ ಕಾಲ, ಅಂದರೆ 1320ರಿಂದ 1325ರ ನಡುವೆ. ಸಮಾ ಕೇಳುತ್ತಾರೆ ಎಂಬ ದೂರಿಗೆ ಉತ್ತರ ಕೊಡಲು ದೆಹಲಿಯ ಸೂಫಿ ಸಂತ ನಿಜಾಮುದ್ದೀನ್ ಔಲಿಯಾ ಅವರನ್ನು ಕರೆಸಿದರು. ಅವರು ಹದೀಸ್ ಎತ್ತಿದರು. ಎದುರಿನ ಪಂಡಿತರು ಒಪ್ಪಲಿಲ್ಲ: ನೀವು ಹನಫಿ ಪಂಥದವರು, ನಿಮಗೆ ಹದೀಸಿನ ಉಸಾಬರಿ ಯಾಕೆ? ಇಮಾಮ್ ಅಬೂ ಹನೀಫಾ ಏನು ಹೇಳಿದ್ದಾರೋ ಅದನ್ನು ತನ್ನಿ. ನಿಜಾಮುದ್ದೀನರಿಗೆ ಇದು ತುಂಬಾ ನೋವಾಯಿತಂತೆ. ಆಮೇಲೆ ಮುಲ್ತಾನದ ಸೂಫಿ ಮನೆತನದ ವಿದ್ವಾಂಸ ಇಲ್ಮುದ್ದೀನ್ ಬಂದರು. ಬಗ್ದಾದ್, ಸಿರಿಯಾ ಕಡೆ ಸುತ್ತಿ ಬಂದಿದ್ದವರು. ಅಲ್ಲೆಲ್ಲ ಸೂಫಿ ಗುರುಗಳು ಸಮಾ ಕೇಳುತ್ತಾರೆ, ಯಾರೂ ತಡೆಯುವುದಿಲ್ಲ ಅಂದರು. ಸುಲ್ತಾನ ನಿಷೇಧ ಹೇರಲಿಲ್ಲ. ಒಂದು ಮಾತು ನೆನಪಿರಲಿ: ಈ ವಿವರ ಬರೆದಿಟ್ಟ ಅಮೀರ್ ಖುರ್ದ್ ನಿಜಾಮುದ್ದೀನರ ಶಿಷ್ಯ. ಎದುರು ಪಕ್ಷದವರು ಬರೆದಿದ್ದರೆ ಕಥೆ ಬೇರೆ ಥರ ಇರುತ್ತಿತ್ತು.

ನಿಜವಾದ ತೊಡಕು ಏನು ಅನ್ನುವುದಕ್ಕೆ ಬಗ್ದಾದಿನ ಹಳೆಯ ಕಥೆಯೊಂದಿದೆ. ಬೀದಿಯಲ್ಲಿ ಒಬ್ಬ "ಒಂದು ಕಾಸಿಗೆ ಹತ್ತು ಖಿಯಾರ್" ಅಂತ ಕೂಗುತ್ತಾ ಬಂದ. ಅರಬಿಯಲ್ಲಿ ಖಿಯಾರ್ ಅಂದರೆ ಸೌತೆಕಾಯಿ, ಒಳ್ಳೆಯವರು ಅಂತಲೂ ಅರ್ಥ. ಸೂಫಿ ಶಿಬ್ಲಿ ಅದನ್ನು ಕೇಳಿ ಚೀರಿಬಿಟ್ಟರು: ಒಳ್ಳೆಯವರೇ ಕಾಸಿಗೆ ಹತ್ತಾದರೆ ಕೆಟ್ಟವರ ಬೆಲೆ ಎಷ್ಟು! ಮಾರುವವನ ಪಾಲಿಗೆ ಅದು ಸೌತೆಕಾಯಿ, ಶಿಬ್ಲಿಯ ಪಾಲಿಗೆ ಅಂತಿಮ ತೀರ್ಪಿನ ದಿನ. ಸೂಫಿಗಳ ವಾದದ ತಿರುಳೂ ಇದೇ. ಪದ್ಯದಲ್ಲಿ ಮುಂಗುರುಳು, ಮದಿರೆ, ವಿರಹ ಬಂದರೂ ಕೇಳುವವನ ಮನಸ್ಸು ದೇವರ ಕಡೆಗಿದ್ದರೆ ಅದು ತಪ್ಪಲ್ಲ, ಕಾಮದ ಕಡೆಗಿದ್ದರೆ ಹರಾಮ್. ಉಲೇಮಾಗಳ ಕಷ್ಟವೂ ಸುಳ್ಳಲ್ಲ, ನನಗಂತೂ ಅದು ನ್ಯಾಯವಾಗಿಯೇ ಕಾಣುತ್ತದೆ. ಕಾಜಿ ಯಾರ ಎದೆ ಬಗೆದು ನೋಡುತ್ತಾನೆ? ಕಾನೂನು ಎಲ್ಲರಿಗೂ ಒಂದೇ ಇರಬೇಕಲ್ವಾ?

ಸೂಫಿಗಳೂ ಬೇಲಿ ಹಾಕಿಕೊಂಡಿದ್ದರು. ನಿಜಾಮುದ್ದೀನರು ಹೇಳಿದ ಷರತ್ತು ನಾಲ್ಕು. ಹಾಡುವವನು ಬೆಳೆದ ಗಂಡಸಾಗಿರಬೇಕು, ಹುಡುಗನೋ ಹೆಂಗಸೋ ಆಗಬಾರದು. ಹಾಡಿನಲ್ಲಿ ಅಶ್ಲೀಲ ಇರಬಾರದು. ಕೇಳುವವನಿಗೆ ದೇವರ ನೆನಪಿರಬೇಕು. ವಾದ್ಯ ಕೂಡದು. ಕೊನೆಯದರಲ್ಲಿ ಅವರು ಬಹಳ ಬಿಗಿ. ಕೆಲವು ಶಿಷ್ಯರು ವಾದ್ಯ ಇದ್ದ ಕೂಟಕ್ಕೆ ಹೋಗಿ, ನಾವು ಎಷ್ಟು ಮೈಮರೆತಿದ್ದೆವು ಅಂದರೆ ವಾದ್ಯ ಇದ್ದದ್ದೇ ಗೊತ್ತಾಗಲಿಲ್ಲ ಅಂದರಂತೆ. ಇದು ಉತ್ತರವೇ ಅಲ್ಲ, ಯಾವ ಪಾಪಕ್ಕೆ ಬೇಕಾದರೂ ಹೀಗೆ ಹೇಳಬಹುದು ಅಂದರು ನಿಜಾಮುದ್ದೀನರು.

ಅವರ ಉತ್ತರಾಧಿಕಾರಿ ನಸೀರುದ್ದೀನ್ ಚಿರಾಗ್ ದೆಹಲವಿ ಇನ್ನೂ ಒಂದು ಹೆಜ್ಜೆ ಮುಂದೆ. ಕೂಟವೊಂದರಲ್ಲಿ ದಫ್ ಎಂಬ ಚರ್ಮವಾದ್ಯ ಬಾರಿಸಿದ ಕೂಡಲೇ ಎದ್ದು ಹೊರಟರು. ಗುರುವಿನ ದಾರಿ ಬಿಟ್ಟಿರಾ ಅಂತ ಜೊತೆಯವರು ಕೇಳಿದರು. ಗುರು ಮಾಡಿದ್ದು ಪ್ರಮಾಣ ಆಗುವುದಿಲ್ಲ, ಕುರ್‌ಆನ್, ಹದೀಸಿನಿಂದ ತೋರಿಸಿ ಅಂದರು. ಈ ಮಾತು ಗುರುವಿನ ಕಿವಿಗೂ ಬಿತ್ತು. ಅವನು ಹೇಳಿದ್ದು ಸರಿ ಅಂದುಬಿಟ್ಟರು!

ಈ ಚಿರಾಗ್ ದೆಹಲವಿಯ ಶಿಷ್ಯರೇ ಬಂದೇನವಾಜ್ ಗೇಸೂದರಾಜ್. ತೈಮೂರ್ ದಾಳಿಯ ಹೊತ್ತಿಗೆ, 1398ರಲ್ಲಿ ದೆಹಲಿ ಬಿಟ್ಟವರು ಕಡೆಗೆ ಕಲಬುರಗಿಯಲ್ಲಿ ನೆಲೆಸಿ 1422ರಲ್ಲಿ ತೀರಿಕೊಂಡರು. ಅವರೂ ಸಮಾ ಕೇಳುತ್ತಿದ್ದರು. ಹಾಗಾಗಿ, ಖವ್ವಾಲಿ ಆಮೇಲೆ ಸುಮ್ನೆ ಬಂದು ಸೇರಿಕೊಂಡಿದ್ದು ಅಂತ ನಿಮ್ಮ ಗೆಳೆಯರು ಹೇಳಿದರೆ ಒಪ್ಪಬೇಡಿ. ಆದರೆ ಇವತ್ತಿನ ಖವ್ವಾಲಿಯ ಹಾರ್ಮೋನಿಯಂ, ತಬಲಾ ಕಂಡಿದ್ದರೆ ನಿಜಾಮುದ್ದೀನರು ಏನನ್ನುತ್ತಿದ್ದರು ಅಂತ ಅವರು ತಿರುಗಿ ಕೇಳಿದರೆ, ನೀವು ಸ್ವಲ್ಪ ತಡವರಿಸಬೇಕಾಗುತ್ತದೆ.