ಎರಡು ಕಣ್ಣು ಇದ್ದರೆ ಸ್ಟೀರಿಯೋನಾ?

"ಫೋಟೋದಲ್ಲಿರೋ ಮೈಕ್ರೋಸ್ಕೋಪಿಗೆ ಎರಡು ಐಪೀಸ್ ಇದೆ. ಹಾಗಾದ್ರೆ ಇದು ಸ್ಟೀರಿಯೋ ತಾನೇ?"

ಅಲ್ಲ, ಇದು ತೆಳು ಸ್ಲೈಡ್ ನೋಡುವ ಕಾಂಪೌಂಡ್ ಮೈಕ್ರೋಸ್ಕೋಪ್. ಸ್ಟೀರಿಯೋ ಅಂದರೆ ವಸ್ತುವನ್ನು ಇಡಿಯಾಗಿಯೇ ಇಟ್ಟು ನೋಡುವಂಥದ್ದು. ಎರಡು ಐಪೀಸ್ ಈ ಎರಡೂ ಬಗೆಯಲ್ಲಿ ಇರಬಹುದು, ಅದನ್ನು ನಂಬಬೇಡಿ. ಕೆಳಗೆ ನೋಡಿ. ತಿರುಗುವ ತಟ್ಟೆಯಲ್ಲಿ ಉದ್ದ ಬೇರೆ ಬೇರೆ ಇರುವ ನಾಲ್ಕು ಲೆನ್ಸ್‌ಗಳಿವೆ. ಉದ್ದನೆಯದು 100x ಇರಬೇಕು, ಅದು ಸ್ಲೈಡಿಗೆ ತಾಗುವಷ್ಟು ಹತ್ತಿರ ಬರುತ್ತದೆ. ಸ್ಲೈಡ್ ಇಡುವ ಸ್ಟೇಜಿನ ನಡುವೆ ತೂತು, ಅದರಡಿ ದೀಪ. ಬೆಳಕು ವಸ್ತುವಿನ ಮೂಲಕವೇ ಹಾದುಬರಬೇಕು, ಅದಕ್ಕೇ ತೆಳು ಸ್ಲೈಡ್ ಬೇಕು.

ಸ್ಟೀರಿಯೋದಲ್ಲಿ ಸಾಮಾನ್ಯವಾಗಿ ಇಂಥ ತಟ್ಟೆ ಇರುವುದಿಲ್ಲ. ಅಗಲವಾದ ಲೆನ್ಸ್ ಭಾಗ ಕಂಬಕ್ಕೆ ಕೂತಿರುತ್ತದೆ. ಕೆಳಗೆ ಕೈ ಆಡಿಸುವಷ್ಟು, ಸುಮಾರು 10 ಸೆಂ.ಮೀ. ಜಾಗ. ಕೆಲವದರಲ್ಲಿ ಅಡಿಯಲ್ಲೂ ದೀಪ ಇರುತ್ತದೆ, ಹಾಗಾಗಿ ಬರೀ ದೀಪ ನೋಡಿ ಹೇಳಬೇಡಿ.

ಪಾಕೆಟ್ ಮೈಕ್ರೋಸ್ಕೋಪ್ ಗುರುತಿಸೋದು ಸುಲಭ: ಸಾಮಾನ್ಯವಾಗಿ ಸ್ಟ್ಯಾಂಡೇ ಇಲ್ಲ, ಒಂದೇ ಐಪೀಸ್, ಲೆನ್ಸ್ ಪಕ್ಕದಲ್ಲೇ ಪುಟ್ಟ ಎಲ್‌ಇಡಿ.